ಅಪ್‌ಡೇಟ್: ಇಂಟರ್‌ವ್ಯೂ ಮೆಸೇಜಿಗೆ ಉತ್ತರ ಯಾಕೆ ಬರ್ತಿರಲಿಲ್ಲ ಅಂತ ಗೊತ್ತಾಯ್ತು

ನಾನು ಕೇಳಿದ್ದು: "ಹಾಸನದ ನಮ್ಮ ಆಫೀಸಿಂದ ಇಂಟರ್‌ವ್ಯೂಗೆ ಎಸ್ಸೆಮ್ಮೆಸ್ ಕಳಿಸ್ತೀನಿ. ದಿನ ಬದಲಿಸಬೇಕಿದ್ರೆ ರಿಪ್ಲೈ ಮಾಡಿ ಅಂತ ಬರೆದರೂ ಯಾರೂ ಮಾಡಲ್ಲ, ಬರೋದೂ ಇಲ್ಲ. ಏನು ಮಾಡಲಿ?"

ತಪ್ಪು ನಮ್ಮದೇ. ಮೆಸೇಜು ಹೋಗ್ತಿದ್ದದ್ದು ಮೊಬೈಲ್ ನಂಬರಿಂದಲ್ಲ, ಕಂಪನಿ ಹೆಸರಿನ ಅಕ್ಷರಗಳಿರುವ ಹೆಡರ್‌ನಿಂದ. ಅದಕ್ಕೆ ಮಾಡಿದ ರಿಪ್ಲೈ ನಮಗೆ ತಲುಪುವುದೇ ಇಲ್ಲ. ಸಕಲೇಶಪುರದ ಒಬ್ಬ ಹುಡುಗಿ ಫೋನ್ ತೋರಿಸಿದಳು. "ಅವತ್ತು ಪರೀಕ್ಷೆ ಇದೆ ಸರ್" ಅಂತ ಎರಡು ಸಲ ಬರೆದಿದ್ದಾಳೆ, ಎರಡೂ ಹೋಗಿಲ್ಲ. ನಾವು ಅವಳ ಹೆಸರಿನ ಮುಂದೆ ಗೈರು ಅಂತ ಹಾಕಿದ್ದೆವು. ತುಂಬಾ ಸಂಕಟವಾಯ್ತು.

ಈಗ ಆಫೀಸಿನ ವಾಟ್ಸಾಪ್ ನಂಬರಿಂದ ಹೀಗೆ ಕಳಿಸ್ತೀನಿ:

"ನಿಮ್ಮ ಇಂಟರ್‌ವ್ಯೂ ಗುರುವಾರ, 12ನೇ ತಾರೀಖು, ಬೆಳಗ್ಗೆ 10.30ಕ್ಕೆ, ಬಿ.ಎಂ. ರಸ್ತೆಯ ಆಫೀಸಿನಲ್ಲಿ. ಬರುವುದಾದರೆ 1 ಕಳಿಸಿ. ಆಗದಿದ್ದರೆ, ಶುಕ್ರವಾರ ಮಧ್ಯಾಹ್ನ 2.30ಕ್ಕೆ ಬರುವುದಾದರೆ 2, ಶನಿವಾರ ಬೆಳಗ್ಗೆ 11ಕ್ಕೆ ಬರುವುದಾದರೆ 3 ಕಳಿಸಿ. ಮಂಗಳವಾರ ಸಂಜೆ 5ರೊಳಗೆ ತಿಳಿಸಿ."

ಮೊದಲ ಸಲ ಒಂದು ಎಡವಟ್ಟಾಯ್ತು. ಅರಕಲಗೂಡಿನ ಹುಡುಗ 3 ಕಳಿಸಿದ್ದ, ನಾನು ಪಟ್ಟಿಯಲ್ಲಿ ತಿದ್ದಿಕೊಂಡು ಸುಮ್ಮನಾದೆ. ಒಪ್ಪಿದ್ದಾರೋ ಇಲ್ಲವೋ ಅಂತ ಅವನು ಪಾಪ ಗುರುವಾರವೇ ಮೊದಲ ಬಸ್ಸಿಗೆ ಬಂದುಬಿಟ್ಟ. ಅವತ್ತಿಂದ ದಿನ ಬದಲಿಸಿದವರಿಗೆ "ಗುರುವಾರದ್ದು ರದ್ದಾಗಿದೆ, ಶನಿವಾರ 11ಕ್ಕೆ ಬನ್ನಿ" ಅಂತ ತಕ್ಷಣ ಇನ್ನೊಂದು ಮೆಸೇಜು ಹಾಕ್ತೀನಿ. ಸಕಲೇಶಪುರದವಳು ಶುಕ್ರವಾರ ಬರ್ತಿದ್ದಾಳೆ.