ಸೌದಿಯ ಟ್ರೇಲರ್ ಕೆಲಸಕ್ಕೆ ಬಯೋಡಾಟಾ: ಲೈಸೆನ್ಸ್, ತರಬೇತಿಗಳನ್ನು ಹೇಗೆ ಬರೆಯಬೇಕು?

ಕೇಳಿದವರು, ಸೇಡಂ

ನನಗೆ 37 ವರ್ಷ, ಓದಿದ್ದು ಎಂಟನೆಯ ತರಗತಿಯವರೆಗೆ. ಮೊದಲು ಟಿಪ್ಪರ್ ನಡೆಸುತ್ತಿದ್ದೆ, ಈಗ ಆರು ವರ್ಷಗಳಿಂದ ಸಿಮೆಂಟ್ ಬಲ್ಕರ್ ನಡೆಸುತ್ತಿದ್ದೇನೆ. ಹೈದರಾಬಾದಿನ ಏಜೆನ್ಸಿಯವರು ಸೌದಿಯ ಟ್ರೇಲರ್ ಕೆಲಸಕ್ಕೆ ಬಯೋಡಾಟಾ ಕೇಳಿದ್ದಾರೆ. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಎರಡು ಪುಟಗಳಲ್ಲಿ ನನ್ನ ಗುಣ, ಹವ್ಯಾಸ ಎಲ್ಲವೂ ಇವೆ. ಲೈಸೆನ್ಸಿಗೆ ಒಂದೇ ಸಾಲು. ಹೋಗಿ ಬಂದವರು ದಯವಿಟ್ಟು ತಿಳಿಸಿರಿ.

ಹುಮನಾಬಾದ್, ಹನ್ನೊಂದು ವರ್ಷ ಹೊರಗಿದ್ದವನು

ತಮ್ಮಾ, ಆ ಎರಡು ಪುಟಗಳನ್ನು ಪಕ್ಕಕ್ಕಿಟ್ಟು, ಮೊದಲು ನಿಮ್ಮ ಲೈಸೆನ್ಸ್ ಕಾರ್ಡನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಅದರಲ್ಲಿ ಪ್ರತಿಯೊಂದು ವಾಹನ ವರ್ಗದ ಎದುರು ಬೇರೆ ಬೇರೆ ದಿನಾಂಕವಿರುತ್ತದೆ. ಬೈಕಿನದು ಒಂದು, ಕಾರಿನದು ಇನ್ನೊಂದು, ಟ್ರಾನ್ಸ್‌ಪೋರ್ಟ್ ವಾಹನದ್ದು ಮತ್ತೊಂದು. ಕಂಪನಿಯವರು ಅನುಭವವನ್ನು ಎಣಿಸುವುದು ಈ ಕೊನೆಯ ದಿನಾಂಕದಿಂದ.

ನನ್ನದೇ ಪೆಟ್ಟು ಹೇಳುತ್ತೇನೆ. ನನ್ನ ಬೈಕ್ ಲೈಸೆನ್ಸ್ 1998ರದು, ಹೆವಿ ಸಿಕ್ಕಿದ್ದು 2005ರಲ್ಲಿ. 2013ರ ಸಂದರ್ಶನಕ್ಕೆ ಹೋದಾಗ ಹದಿನೈದು ವರ್ಷದ ಅನುಭವ ಎಂದು ಬರೆಸಿಕೊಂಡಿದ್ದೆ. ಎದುರಿಗೆ ಕುಳಿತವರು ಮಾತಾಡದೆ ಕಾರ್ಡನ್ನು ತಿರುವಿ ನೋಡಿ, ಪೆನ್ನಿನಿಂದ ಹದಿನೈದನ್ನು ಹೊಡೆದು ಎಂಟು ಎಂದು ಬರೆದರು. ಅವರಿಗೆ ಬೇಕಾಗಿದ್ದುದು ಐದೇ ವರ್ಷ. ಎಂಟು ಎಂದು ನಾನೇ ಬರೆದಿದ್ದರೂ ಆಯ್ಕೆಯಾಗುತ್ತಿದ್ದೆ. ಆದರೆ ಆಮೇಲೆ ನನ್ನ ಯಾವ ಮಾತನ್ನೂ ಅವರು ನಂಬಲಿಲ್ಲ, ಆ ಸಲ ಬರಿಗೈಯಲ್ಲಿ ಬಂದೆ.

ಆದ್ದರಿಂದ ಹೆಸರು ಮತ್ತು ಪಾಸ್‌ಪೋರ್ಟ್ ವಿವರದ ಕೆಳಗೇ ಲೈಸೆನ್ಸಿಗೆ ನಾಲ್ಕು ಸಾಲು ಕೊಡಿ: ಸಂಖ್ಯೆ ಮತ್ತು ಕೊಟ್ಟ ಆರ್‌ಟಿಒ ಕಚೇರಿ, ಲಘು ವಾಹನದ ದಿನಾಂಕ, ಟ್ರಾನ್ಸ್‌ಪೋರ್ಟ್ ವಾಹನದ ದಿನಾಂಕ, ಟ್ರಾನ್ಸ್‌ಪೋರ್ಟ್ ಅವಧಿ ಮುಗಿಯುವ ದಿನಾಂಕ. ಕಾರ್ಡಿನಲ್ಲಿ ಅವಧಿಯ ದಿನಾಂಕ ಎರಡಿರುತ್ತವೆ. ದೂರದ್ದು ಖಾಸಗಿ ವಾಹನಕ್ಕೆ ಸಂಬಂಧಿಸಿದ್ದು, ಅದನ್ನು ನೋಡಿ ಮೋಸ ಹೋಗಬೇಡಿ. ಟ್ರಾನ್ಸ್‌ಪೋರ್ಟಿನ ಅವಧಿ ಐದು ವರ್ಷ ಮಾತ್ರ. ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಈಗಲೇ ನವೀಕರಿಸಿಕೊಳ್ಳಿ, ಏಕೆಂದರೆ ಮುಗಿಯುವ ಒಂದು ವರ್ಷ ಮೊದಲೇ ಅದಕ್ಕೆ ಅವಕಾಶವಿದೆ.

ಬೀದರ್, ಅಣ್ಣನನ್ನು ದುಬೈಗೆ ಕಳುಹಿಸಿದವನು

ಇಷ್ಟೆಲ್ಲ ಬೇಕಾಗಿಲ್ಲ ಅಣ್ಣಾ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತೆಗೆಸಿ ಅದನ್ನೇ ಮೇಲೆ ಬರೆಯಿರಿ, ಅಲ್ಲಿಗೆ ಹೋಗಿ ಗಾಡಿ ಹತ್ತಬಹುದು. ಬಲ್ಕರ್ ಎಂದರೂ ಟ್ಯಾಂಕರ್ ಎಂದರೂ ಒಂದೇ, ಟ್ಯಾಂಕರ್ ಎಂದೇ ಬರೆದರೆ ಸಂಬಳ ಹೆಚ್ಚು. ಬೆಂಕಿ ಸುರಕ್ಷತೆ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟುಗಳು ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಸಿಗುತ್ತವೆ. ಪಾಸ್‌ಪೋರ್ಟ್ ಸಂಖ್ಯೆಯನ್ನು ಮಾತ್ರ ಮರೆಯಬೇಡಿ, ಅದಿಲ್ಲದಿದ್ದರೆ ಬಯೋಡಾಟಾ ಮುಂದೆ ಹೋಗುವುದೇ ಇಲ್ಲ.

ವಾಡಿ, ಸಿಮೆಂಟ್ ಕಾರ್ಖಾನೆಯ ಸುರಕ್ಷತಾ ವಿಭಾಗ

ಪಾಸ್‌ಪೋರ್ಟಿನ ಮಾತು ಸರಿ. ಅದರೊಂದಿಗೆ ಅವಧಿಯನ್ನೂ, ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ಇಸಿಆರ್ ಪಾಸ್‌ಪೋರ್ಟ್ ಹೌದೋ ಅಲ್ಲವೋ ಎಂಬುದನ್ನೂ ಬರೆಯಬೇಕು. ಕೇಳಿದವರು ಹತ್ತನೆಯ ತರಗತಿ ಮುಗಿಸಿಲ್ಲವಾದ್ದರಿಂದ ಅವರ ಪಾಸ್‌ಪೋರ್ಟ್ ಇಸಿಆರ್ ಆಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಕಳುಹಿಸುವ ಏಜೆಂಟರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರಾಗಿರಲೇಬೇಕು. ಪರ್ಮಿಟ್ ಇದ್ದ ಮಾತ್ರಕ್ಕೆ ಅಲ್ಲಿ ಸಂಬಳಕ್ಕೆ ಹೆವಿ ಗಾಡಿ ನಡೆಸಲಾಗುವುದಿಲ್ಲ, ಅಲ್ಲಿಯ ಲೈಸೆನ್ಸೇ ಬೇಕು.

ಆದರೆ ಬಲ್ಕರನ್ನು ಟ್ಯಾಂಕರ್ ಎಂದು ಬರೆಯುವುದು ಅಪಾಯದ ಸಲಹೆ. ಟ್ಯಾಂಕರ್ ಎಂದೊಡನೆ ಅವರಿಗೆ ನೆನಪಾಗುವುದು ಪೆಟ್ರೋಲು, ಡೀಸೆಲು. ಸಿಮೆಂಟ್ ಅಪಾಯಕಾರಿ ಸರಕಿನ ಪಟ್ಟಿಯಲ್ಲಿಲ್ಲ. ಅಪಾಯಕಾರಿ ಸರಕು ಸಾಗಿಸಲು ನಮ್ಮಲ್ಲಿ ಮೂರು ದಿನದ ತರಬೇತಿ ಪಡೆದು, ಅದನ್ನು ಲೈಸೆನ್ಸಿನಲ್ಲೇ ನಮೂದು ಮಾಡಿಸಬೇಕು. ನಮೂದಿಲ್ಲದಿದ್ದರೆ ಸರ್ಟಿಫಿಕೇಟೊಂದೇ ಲೆಕ್ಕಕ್ಕೆ ಬರುವುದಿಲ್ಲ. ಕೊಂಡ ಸರ್ಟಿಫಿಕೇಟನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕು. ನಮ್ಮ ಗೇಟಿನಲ್ಲಿ ನಾನೇ ಡೀಸೆಲ್ ಟ್ಯಾಂಕರಿನವರನ್ನು ಹಾಗೆ ಕೇಳುತ್ತೇನೆ: ಗಾಡಿಯ ಹಿಂದಿನ ಫಲಕದಲ್ಲಿ 1203 ಎಂದಿದ್ದರೆ ಒಳಗೆ ಏನಿದೆ? ತರಬೇತಿಯಲ್ಲಿ ಕುಳಿತವನು ಪೆಟ್ರೋಲ್ ಎನ್ನುತ್ತಾನೆ, ಕೊಂಡವನು ಫಲಕದ ಕಡೆ ನೋಡುತ್ತಾನೆ.

ಇನ್ನು ನಿಮ್ಮ ಬಲ್ಕರ್ ಅನುಭವವೇ ನಿಜವಾದ ಬಂಡವಾಳ, ಅದನ್ನು ಬಿಡಿಸಿ ಬರೆಯಿರಿ. ನಿಮ್ಮ ಗಾಡಿ ಹಾರ್ಸ್‌ಗೆ ಜೋಡಿಸಿದ ಬಲ್ಕರೋ, ಒಂದೇ ಚಾಸಿಯದೋ ಎಂಬುದು ಮುಖ್ಯ. ಜೋಡಿಸಿದ್ದಾದರೆ ನೀವು ಆರು ವರ್ಷ ಟ್ರೇಲರನ್ನೇ ನಡೆಸಿದ್ದೀರಿ ಎಂದರ್ಥ; ಜೋಡಿಸುವುದು, ಬಿಡಿಸುವುದು, ಸೈಲೋ ಕೆಳಗೆ ರಿವರ್ಸ್ ತೆಗೆದುಕೊಳ್ಳುವುದು, ಇವನ್ನು ಹಾಗೆಯೇ ಬರೆಯಬೇಕು. ಕಂಪ್ರೆಸರ್ ಗಾಳಿಯಿಂದ ಖಾಲಿ ಮಾಡುವಾಗ ಒತ್ತಡವನ್ನು ಗಾಡಿಯ ಮಿತಿಯೊಳಗೇ ಇಟ್ಟುಕೊಳ್ಳುತ್ತೀರಿ, ಗೇಜು ಸೊನ್ನೆಗೆ ಇಳಿಯುವವರೆಗೆ ಮೇಲಿನ ಮುಚ್ಚಳದ ಬೋಲ್ಟನ್ನು ಮುಟ್ಟುವುದಿಲ್ಲ. ಇದು ಒಂದು ಸಾಲಿನಲ್ಲಿ ಬಂದರೆ, ಓದುವವರಿಗೆ ಸುರಕ್ಷತೆ ಗೊತ್ತಿರುವ ಡ್ರೈವರ್ ಎಂದು ಬೇರೆ ಹೇಳಬೇಕಾಗುವುದಿಲ್ಲ. ಕಾರ್ಖಾನೆಯಲ್ಲಿ ಪಾಸ್ ಕೊಡುವ ಮುಂಚೆ ನಡೆದ ಸುರಕ್ಷತಾ ತರಬೇತಿಯೂ ತರಬೇತಿಯೇ: ಕೊಟ್ಟವರು ಯಾರು, ಯಾವ ದಿನ, ಎಷ್ಟು ಗಂಟೆ ಎಂದು ಬರೆದು ಪಾಸಿನ ಪ್ರತಿಯನ್ನು ಇಟ್ಟುಕೊಳ್ಳಿ.

ಯಾದಗಿರಿ, ಐಟಿಐ ವೆಲ್ಡರಿನ ತಂದೆ

ನನ್ನ ಮಗ ವೆಲ್ಡರ್, 6ಜಿ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಇದೆ, ಆದರೆ ಕಳೆದ ವರ್ಷವೆಲ್ಲ ಹೊಲದಲ್ಲೇ ಇದ್ದ. ಅವನಿಗೂ ಇದೇ ರೀತಿ ಲೈಸೆನ್ಸ್ ಮಾಡಿಸಬೇಕೇ?

ಹುಮನಾಬಾದ್, ಹನ್ನೊಂದು ವರ್ಷ ಹೊರಗಿದ್ದವನು

ಕಾಕಾ, ಇಲ್ಲಿ ಮಾತು ಡ್ರೈವರಿನದು. ಆದರೂ ಒಂದು ಹೇಳುತ್ತೇನೆ: ನನ್ನ ಕ್ಯಾಂಪಿನ ವೆಲ್ಡರುಗಳು ಆರು ತಿಂಗಳು ಆ ಬಗೆಯ ವೆಲ್ಡಿಂಗ್ ಮಾಡದೆ ಬಿಟ್ಟರೆ ಅರ್ಹತೆ ಹೋಗಿ ಮತ್ತೆ ಪರೀಕ್ಷೆ ಕೊಡಬೇಕಾಗುತ್ತಿತ್ತು. ಮಗ ಯಾವುದಾದರೂ ವರ್ಕ್‌ಶಾಪಿನಲ್ಲಿ ಮತ್ತೆ ಕೈ ಪಳಗಿಸಿ, ಹೊಸ ಪರೀಕ್ಷೆಯ ದಿನಾಂಕವನ್ನೇ ಬರೆಯಲಿ. ಐಟಿಐ ಸರ್ಟಿಫಿಕೇಟಿನ ವಿವರ ಬೇರೆ ಸಾಲಿನಲ್ಲಿರಲಿ.

ಕೇಳಿದವರು, ಸೇಡಂ

ಎಲ್ಲರಿಗೂ ಉಪಕಾರವಾಯಿತು. ಕಾರ್ಡನ್ನು ತೆಗೆದು ನೋಡಿದೆ: ಲಘು ವಾಹನ 2010, ಟ್ರಾನ್ಸ್‌ಪೋರ್ಟ್ 2014. ಅವಧಿ ಮುಗಿಯಲು ಐದೇ ತಿಂಗಳಿದೆ, ನನಗೆ ತಿಳಿದೇ ಇರಲಿಲ್ಲ. ಗಾಡಿ ಹಾರ್ಸಿನದೇ. ಇನ್ನೆರಡು ತೊಡಕುಗಳಿವೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ಣವಾಗಿದೆ, ಲೈಸೆನ್ಸಿನಲ್ಲಿ ಅದರ ಮೊದಲ ಅಕ್ಷರ ಮಾತ್ರವಿದೆ. ಮತ್ತೆ 2019ರಲ್ಲಿ ಬೈಕಿನವರೊಬ್ಬರು ಗಾಡಿಗೆ ತಾಗಿ ಬಿದ್ದು ಕೇಸಾಗಿತ್ತು, ಖುಲಾಸೆಯಾಗಿದೆ. ಅದನ್ನು ಬರೆಯಬೇಕೇ?

ವಾಡಿ, ಸಿಮೆಂಟ್ ಕಾರ್ಖಾನೆಯ ಸುರಕ್ಷತಾ ವಿಭಾಗ

ಬಯೋಡಾಟಾದಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ, ಒಂದು ಅಕ್ಷರವೂ ಬದಲಾಗಬಾರದು. ನವೀಕರಣಕ್ಕೆ ಹೋಗುವಾಗಲೇ ಹೆಸರಿನ ತಿದ್ದುಪಡಿಗೂ ಅರ್ಜಿ ಹಾಕಿದರೆ ಆರ್‌ಟಿಒಗೆ ಎರಡು ಸಲ ಅಲೆಯುವುದು ತಪ್ಪುತ್ತದೆ. ವೈದ್ಯರಿಂದ ನಮೂನೆ 1ಎ ಬರೆಸಿಕೊಂಡೇ ಹೋಗಿ. ಅಪಘಾತದ ವಿಷಯವನ್ನು ಒಂದು ಸಾಲಿನಲ್ಲಿ ನೀವೇ ಬರೆದು ಖುಲಾಸೆಯ ಆದೇಶವನ್ನು ಜೊತೆಗಿಡುವುದು ಒಳ್ಳೆಯದು.

ಹುಮನಾಬಾದ್, ಹನ್ನೊಂದು ವರ್ಷ ಹೊರಗಿದ್ದವನು

ಈ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಬಯೋಡಾಟಾ ಓದುವವರು ಅಪಘಾತ ಎಂಬ ಪದವನ್ನು ಕಂಡೊಡನೆ ಹಾಳೆಯನ್ನು ಪಕ್ಕಕ್ಕಿಡುತ್ತಾರೆ, ಆದೇಶವನ್ನು ಓದುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ. ಬರೆಯದೆ ಬಿಡಿ, ಆದರೆ ಎದುರಿಗೆ ಕೂರಿಸಿಕೊಂಡು ಕೇಳಿದರೆ ಮುಚ್ಚಿಡದೆ ಹೇಳಿ, ಆದೇಶದ ಪ್ರತಿ ಕೈಯಲ್ಲಿರಲಿ.