ಪದಚರ್ಚೆ: ‘ಪಾರ’ ಅಂದರೆ ಅರ್ಧವೋ, ಪೂರ್ತಿಯೋ?

ಕೇಳಿದವರು: ಗಣಿತ ಟೀಚರ್, ಜಯನಗರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹಗಲಿನ ಉದ್ದಕ್ಕೆ ಸೈನ್ ಗೆರೆ ಹೊಂದಿಸೋ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಮೂರೇ ಅಂಕಿ ಕೊಟ್ಟೆ. ಮಾರ್ಚ್ 21ಕ್ಕೆ 12 ಗಂಟೆ 7 ನಿಮಿಷ, ಜೂನ್ 21ಕ್ಕೆ 12 ಗಂಟೆ 53 ನಿಮಿಷ, ಡಿಸೆಂಬರ್ 21ಕ್ಕೆ 11 ಗಂಟೆ 22 ನಿಮಿಷ.

ಆಂಪ್ಲಿಟ್ಯೂಡ್‌ಗೆ ವಿಜ್ಞಾನದ ಪುಸ್ತಕದಲ್ಲಿರುವ ‘ಪಾರ’ ಪದವನ್ನೇ ಬಳಸಿದ್ದೆ. ಒಬ್ಬ ಹುಡುಗಿ ಅತಿ ಉದ್ದದ ಹಗಲಲ್ಲಿ ಅತಿ ಚಿಕ್ಕದನ್ನು ಕಳೆದು, ಬಂದ 91 ನಿಮಿಷವನ್ನೇ ಪಾರ ಅಂತ ಬರೆದಳು. ಯಾಕೆ ಅಂತ ಕೇಳಿದೆ. “ಪಾರ ಅಂದ್ರೆ ಆಚೆ ದಡ ಅಲ್ವಾ ಮಿಸ್? ಈ ದಡದಿಂದ ಆ ದಡಕ್ಕೆ ಅಳೆದೆ” ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನನಗೆ ಗೊತ್ತಾಗಲಿಲ್ಲ. ಬೇರೆ ಪದ ಇದೆಯಾ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮಲ್ಲೇಶ್ವರ

ಮೇಡಂ, ‘ವೈಶಾಲ್ಯ’ ಅನ್ನಿ. ಇನ್ನೊಂದು ಮಾತು. ಮಾರ್ಚ್ 21ಕ್ಕೆ ಹಗಲು ರಾತ್ರಿ ಸಮ, ಅಂದರೆ 12 ಗಂಟೆ. ನಿಮ್ಮ 7 ನಿಮಿಷ ಪೇಪರಿನವರ ತಪ್ಪಿರಬೇಕು. ನಡುಗೆರೆಯನ್ನು 12ಕ್ಕೇ ಇಡಿ.

ಸರ್ವೆ ಕೆಲಸದಲ್ಲಿದ್ದವರು, ಯಲಹಂಕ

ಸರ್, ಆ 7 ನಿಮಿಷ ತಪ್ಪಲ್ಲ. ಸೂರ್ಯನ ಮೇಲಂಚು ಕಂಡ ಕೂಡಲೇ ಸೂರ್ಯೋದಯ ಅಂತ ಬರೆಯುತ್ತಾರೆ, ಸಂಜೆ ಅದೇ ಅಂಚು ಮುಳುಗುವವರೆಗೂ ಹಗಲು. ಜೊತೆಗೆ ಗಾಳಿ ಬೆಳಕನ್ನು ಬಾಗಿಸುತ್ತೆ, ಹಾಗಾಗಿ ಸೂರ್ಯ ಇನ್ನೂ ಕೆಳಗಿರುವಾಗಲೇ ಕಾಣುತ್ತಾನೆ. ನಡುಗೆರೆಯನ್ನು 12ಕ್ಕೆ ಎಳೆದರೆ ಇಡೀ ವರ್ಷ ಗೆರೆ ಏಳೆಂಟು ನಿಮಿಷ ಕೆಳಗೇ ಇರುತ್ತೆ.

ಇನ್ನು ಪದದ ವಿಚಾರ. ಆ ಹುಡುಗಿಯ ಲೆಕ್ಕವನ್ನೇ ಮುಂದುವರಿಸಿ ನೋಡೋಣ. 12 ಗಂಟೆ 53 ನಿಮಿಷ ಅಂದರೆ 773 ನಿಮಿಷ, 11 ಗಂಟೆ 22 ಅಂದರೆ 682. ಎರಡರ ನಡು 727.5. ಅದಕ್ಕೆ 91 ಸೇರಿಸಿದರೆ ಜೂನಿನಲ್ಲಿ 13 ಗಂಟೆ 38 ನಿಮಿಷದ ಹಗಲು ಬರುತ್ತೆ. ಅಷ್ಟು ಉದ್ದದ ಹಗಲು ಬೇಕಾದರೆ ಬೆಂಗಳೂರಿನಿಂದ 11 ಡಿಗ್ರಿ ಉತ್ತರಕ್ಕೆ ಹೋಗಬೇಕು! ಅವಳಿಗೆ ಕೊಟ್ಟ ಅಂಕಿಯನ್ನೇ ಗೆರೆ ಮುಟ್ಟಲಿಲ್ಲ, ತಪ್ಪು ಅಲ್ಲೇ ಸಿಗುತ್ತೆ. 91ರ ಅರ್ಧ, 45.5, ಹಾಕಿದರೆ ಸರಿಹೋಗುತ್ತೆ:

```
D = 727.5 + 45.5 sin(2π(n − 80)/365)
```

D ಅಂದರೆ ನಿಮಿಷದಲ್ಲಿ ಹಗಲಿನ ಉದ್ದ, n ಅಂದರೆ ಜನವರಿ 1ರಿಂದ ಎಣಿಸಿದ ದಿನ. ಮೇ 1ಕ್ಕೆ n = 121, ಉತ್ತರ ಸುಮಾರು 12 ಗಂಟೆ 37 ನಿಮಿಷ. ನಿಜವಾದ ಹಗಲಿಗೂ ಇದಕ್ಕೂ ಒಂದೆರಡು ನಿಮಿಷದ ವ್ಯತ್ಯಾಸ ಅಷ್ಟೇ. ಸೆಪ್ಟೆಂಬರಿನಲ್ಲಿ ಸ್ವಲ್ಪ ಜಾಸ್ತಿ ತಪ್ಪುತ್ತೆ. ಗೆರೆ 19–20ಕ್ಕೇ ನಡುವಿಗೆ ಬಂದುಬಿಡುತ್ತೆ, ನಿಜವಾಗಿ ಬರೋದು 23ರ ಹೊತ್ತಿಗೆ. ಭೂಮಿ ವರ್ಷವಿಡೀ ಒಂದೇ ವೇಗದಲ್ಲಿ ಸುತ್ತುಹಾಕಲ್ಲ, ಸೈನ್ ಗೆರೆಗೆ ಅದು ಗೊತ್ತಿಲ್ಲ.

‘ವೈಶಾಲ್ಯ’ ಅಂದರೆ ಕಿವಿಗೆ ಪೂರ್ತಿ ಅಗಲ ಅಂತಲೇ ಕೇಳಿಸುತ್ತೆ. ತೊಂದರೆ ಇನ್ನೂ ಹೆಚ್ಚಾಗುತ್ತೆ. ‘ಪಾರ’ನೇ ಇರಲಿ, ಆದರೆ ಹೊಳೆಯ ನಡುವೆ ದೋಣಿಯಲ್ಲಿ ನಿಂತು ದಡಕ್ಕೆ ಎಷ್ಟು ದೂರ ಅಂತ ಅಳೆಯೋದು ಅಂತ ಹೇಳಿಕೊಡಿ. 91ಕ್ಕೆ ‘ವ್ಯಾಪ್ತಿ’ ಅನ್ನೋ ಪದ ಆಗಲೇ ಇದೆ.

ಕಾರವಾರದವರು, ಈಗ ವಿಜಯನಗರ

ನಾನು ಸಮುದ್ರದ ನೀರಿನ ಬಗ್ಗೆ ಕೇಳಿದ್ದೀರಿ ಅಂದುಕೊಂಡೆ, ಕ್ಷಮಿಸಿ. ಆದರೂ ಹೇಳುತ್ತೇನೆ. ನಮ್ಮ ಕಡೆ ಉಬ್ಬರಕ್ಕೂ ಇಳಿತಕ್ಕೂ ಇರುವ ಪೂರ್ತಿ ಅಂತರವನ್ನೇ ಜನ ಲೆಕ್ಕ ಹಾಕೋದು. ದೋಣಿ ಮರಳಿಗೆ ತಾಗುತ್ತಾ ಇಲ್ವಾ ಅನ್ನೋದು ಅದರ ಮೇಲೆ. ಅರ್ಧ ಯಾರಿಗೆ ಬೇಕು? ಮಗ ಒಂದು ಹುಣ್ಣಿಮೆ ದಿನದ ನಾಲ್ಕು ಅಂಕಿ ಹಿಡಿದು ಇಂಥದ್ದೇ ಗೆರೆ ಎಳೆದಿದ್ದ. ಅಷ್ಟಮಿ ಹೊತ್ತಿಗೆ ಪೂರಾ ತಪ್ಪಿತು.

ಯಲಹಂಕದವರು ಮತ್ತೆ

ತಪ್ಪಲೇಬೇಕು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. 12 ಅಂತ ಹಾಕಿದ್ದರೆ ದಿನಕ್ಕೆ 50 ನಿಮಿಷ ಜಾರಿಕೊಂಡು ಹೋಗುತ್ತೆ. ಅದನ್ನು ಸರಿಮಾಡಿದರೂ ಅಲ್ಲಿ ಪಾರವೇ ಬದಲಾಗುತ್ತೆ. ಅಮಾವಾಸ್ಯೆ ಹುಣ್ಣಿಮೆಗೆ ದೊಡ್ಡದು, ಅಷ್ಟಮಿಗೆ ಚಿಕ್ಕದು. ಒಂದು ಸೈನ್ ಸಾಲದು, ಸೂರ್ಯನಿಗೊಂದು ಚಂದ್ರನಿಗೊಂದು ಅಂತ ಕಡೇಪಕ್ಷ ಎರಡು ಕೂಡಿಸಬೇಕು.

ಮಲ್ಲೇಶ್ವರದವರು

7 ನಿಮಿಷದ ವಿಷಯ ಒಪ್ಪಿದೆ. ‘ವೈಶಾಲ್ಯ’ ಬಿಡಲು ಮನಸ್ಸಿಲ್ಲ. ‘ಪಾರ’ಕ್ಕೂ ಅದೇ ದೋಷ ಇದೆಯಲ್ಲ, ಹುಡುಗಿಯೇ ತೋರಿಸಿಕೊಟ್ಟಿದ್ದಾಳೆ.

ಜಯನಗರದಿಂದ

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ‘ಪಾರ’ ಅಂತಲೇ ಇಟ್ಟು, ಪಕ್ಕದಲ್ಲಿ ನಡುಗೆರೆಯಿಂದ ಬಾಣ ಬರೆದು 45.5 ಅಂತ ಹಾಕಿದ್ದೇನೆ. ದೋಣಿಯ ಮಾತು ಕ್ಲಾಸಿನಲ್ಲಿ ಹೇಳಿದೆ. ಅದೇ ಹುಡುಗಿ “ದೋಣಿ ಸರಿಯಾಗಿ ನಡುವೆ ಇದೆ ಅಂತ ಹೇಗೆ ಗೊತ್ತಾಗುತ್ತೆ?” ಅಂದಳು. ಎರಡೂ ದಡ ಕೂಡಿಸಿ ಎರಡರಿಂದ ಭಾಗಿಸು ಅಂದೆ, 727.5 ತಾನೇ ಬರೆದಳು.

ಈಗ ಉಳಿದಿರೋದು ಸೂತ್ರದೊಳಗಿನ ಆ 80. ‘ಪ್ರಾವಸ್ಥೆ’ ಅಂತ ಬರೆದರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಗೆರೆ ಪಕ್ಕಕ್ಕೆ 80 ದಿನ ಸರಿದಿದೆ, ಹಾಗಾಗಿ ‘ಸರಿತ’ ಅನ್ನಬಹುದಾ? ಬಳಸಿದವರು ಯಾರಾದರೂ ಇದ್ದೀರಾ?