ನನ್ನ ಲೆಕ್ಕ 913 ಯೂನಿಟ್, ಬಿಲ್ಲು 570: ಯಾವುದು ಸರಿ?

ಪ್ರಶ್ನೆ (ಬೇಕರಿ ಅಂಗಡಿ, ತುಮಕೂರು):
ಸರ್, ಚಿಕ್ಕ ಬೇಕರಿ ನಮ್ಮದು. ಮಾಲು ಹೊರಗಿಂದ ಬರುತ್ತೆ, ಓವನ್ ಇಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10. ಕರೆಂಟ್ ಎಲ್ಲಿ ಹೋಗ್ತಿದೆ ನೋಡೋಣ ಅಂತ ಒಂದೊಂದರ ವ್ಯಾಟನ್ನ ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿ, 30 ದಿನಕ್ಕೆ ಬರೆದೆ:

ಟ್ಯೂಬ್‌ಲೈಟ್ 6, ತಲಾ 40 ವ್ಯಾಟ್, 10 ಗಂಟೆ: 72
ಫ್ಯಾನ್ 3, ತಲಾ 75 ವ್ಯಾಟ್, 14 ಗಂಟೆ: 94.5
ಪೇಸ್ಟ್ರಿ ಇಡೋ ಕೂಲಿಂಗ್ ಕೌಂಟರ್ 650 ವ್ಯಾಟ್, 24 ಗಂಟೆ: 468
ಕೂಲ್ ಡ್ರಿಂಕ್ಸ್ ಫ್ರಿಜ್ 320 ವ್ಯಾಟ್, 24 ಗಂಟೆ: 230.4
ಬೋರ್ಡ್ ಲೈಟ್ 60 ವ್ಯಾಟ್, 5 ಗಂಟೆ: 9
ಮೈಕ್ರೋವೇವ್ 1200 ವ್ಯಾಟ್, ಪಫ್ ಬಿಸಿ ಮಾಡೋಕೆ ದಿನಕ್ಕೆ ಅರ್ಧ ಗಂಟೆ: 18
ಸಿಸಿಟಿವಿ 30 ವ್ಯಾಟ್, 24 ಗಂಟೆ: 21.6

ಒಟ್ಟು 913.5. ಆದರೆ ಬಿಲ್ಲಿನಲ್ಲಿ 570 ಯೂನಿಟ್. ಮೀಟರ್ ನಿಧಾನ ಓಡ್ತಿದೆಯಾ? ಮೈಕ್ರೋವೇವೇ ಜಾಸ್ತಿ ತಿನ್ನುತ್ತೆ ಅಂದುಕೊಂಡಿದ್ದೆ, ಅದೂ ಹಾಗೆ ಕಾಣ್ತಿಲ್ಲ. ಮೊದಲು ಯಾವುದಕ್ಕೆ ಕೈ ಹಾಕಲಿ?

ಟೈಲರ್ ಅಂಗಡಿ, ಹಾವೇರಿ:
ಬಿಲ್ ಕಡಿಮಿ ಬಂದರ ಸುಮ್ನಿರ್ರೀ ಸರ್, ಯಾಕ ಮೈಮ್ಯಾಲೆ ಎಳಕೊಂತೀರಿ! ನಂದು ಬ್ಯಾರೆ ಪ್ರಶ್ನೆ ಐತಿ. ಇಸ್ತ್ರಿ ಪೆಟ್ಟಿಗಿ 1000 ವ್ಯಾಟ್, ದಿನಾ 6 ತಾಸು ಹಚ್ಚಿರತೀನಿ. ದಿನಕ್ಕ 6 ಯೂನಿಟ್ ಅಂತ ಬರಕೊಳ್ಳಲೇನು?

ಮೊಬೈಲ್ ಅಂಗಡಿ, ಹಾಸನ:
ಮೀಟರ್ ಸರಿಯಾಗೇ ಇದೆ. ಕಂಪ್ರೆಸರ್ ಇಡೀ ದಿನ ಓಡಲ್ಲ. ಫ್ರಿಜ್ ಇರೋ ಯಾವುದಕ್ಕೇ ಆಗಲಿ 24ರ ಬದಲು 8 ಗಂಟೆ ಹಾಕಿ, ಲೆಕ್ಕ ಕೂಡುತ್ತೆ.

ಎನರ್ಜಿ ಆಡಿಟರ್, ಮೈಸೂರು:
ಹಾಸನದವರು ಕಾರಣ ಸರಿಯಾಗಿ ಹಿಡಿದಿದ್ದಾರೆ. ಆದರೆ 8 ಗಂಟೆ ಅನ್ನೋದು ಮನೆ ಫ್ರಿಜ್ಜಿನ ಅಂದಾಜು. ಮುಂದೆ ಪೂರ್ತಿ ಗಾಜು, ನಿಮಿಷಕ್ಕೊಮ್ಮೆ ಬಾಗಿಲು ತೆಗೆಯೋ ಕೌಂಟರಿಗೆ ಅದು ಸಾಲಲ್ಲ. ಅದನ್ನೇ ಹಾಕಿ ನೋಡಿ, ಈ ಸಲ ಲೆಕ್ಕ ಬಿಲ್ಲಿಗಿಂತ ಸುಮಾರು 120 ಯೂನಿಟ್ ಕೆಳಗೆ ಹೋಗುತ್ತೆ.

ಊಹೆ ಬಿಟ್ಟು ಅಳೆಯೋಣ. ಇವತ್ತು ರಾತ್ರಿ ಶಟರ್ ಎಳೆಯೋ ಮುಂಚೆ ಮೀಟರಿನ ಫೋಟೋ ತೆಗೀರಿ, ಬೆಳಿಗ್ಗೆ ತೆಗೆದ ಕೂಡಲೇ, ಲೈಟ್ ಹಾಕೋ ಮುಂಚೆ, ಇನ್ನೊಂದು. ಡಿಸ್‌ಪ್ಲೇ ಮೇಲೆ kWh ಅಂತ ಬಂದಾಗಲೇ ತೆಗೀಬೇಕು, ಅದು ವೋಲ್ಟ್, ಆಂಪ್ಸ್ ಎಲ್ಲಾ ಸರದಿಯಲ್ಲಿ ತೋರಿಸ್ತಾ ಇರುತ್ತೆ. ರಾತ್ರಿ ಓಡೋದು ಕೌಂಟರ್, ಫ್ರಿಜ್, ಸಿಸಿಟಿವಿ ಮೂರೇ.

ಇನ್ನೊಂದು ವಿಷಯ, ಕೌಂಟರಿನ 650 ವ್ಯಾಟ್ ಎಲ್ಲಿಂದ ಬಂತು?

ಬೇಕರಿ ಅಂಗಡಿ, ತುಮಕೂರು:
ಹಿಂದೆ ಅಂಟಿಸಿರೋ ಪ್ಲೇಟಲ್ಲಿ ವ್ಯಾಟ್ ಇರಲಿಲ್ಲ ಸರ್, 2.8 ಆಂಪ್ಸ್ ಅಂತಿತ್ತು. 230ರಿಂದ ಗುಣಿಸಿದೆ.

ಎನರ್ಜಿ ಆಡಿಟರ್, ಮೈಸೂರು:
ಅಲ್ಲೂ ಸ್ವಲ್ಪ ಉಬ್ಬಿದೆ. ಮೋಟಾರ್ ಇರೋ ಯಂತ್ರಕ್ಕೆ ಆಂಪ್ಸ್ ಗುಣಿಲೆ ವೋಲ್ಟ್ ಮಾಡಿದರೆ ನಿಜವಾದ ವ್ಯಾಟಿಗಿಂತ ಜಾಸ್ತಿನೇ ಬರುತ್ತೆ, ಪವರ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆ ಇರುತ್ತಲ್ಲ. ಇರಲಿ, ಅಳತೆ ಬರಲಿ.

ಹಾವೇರಿಯವರಿಗೆ: ಇಸ್ತ್ರಿ ಪೆಟ್ಟಿಗೆಗೂ ಇದೇ ಮಾತು. ಬಿಸಿ ಆದ ಮೇಲೆ ಥರ್ಮೋಸ್ಟಾಟ್ ಕಟ್ ಮಾಡುತ್ತೆ, ಪೆಟ್ಟಿಗೆ ಮೇಲಿನ ಕೆಂಪು ದೀಪ ಹತ್ತಿರೋವಾಗ ಮಾತ್ರ ಕರೆಂಟ್ ಎಳೆಯೋದು. ಹತ್ತು ನಿಮಿಷ ಗಡಿಯಾರ ಇಟ್ಟುಕೊಂಡು ದೀಪ ಎಷ್ಟು ಹೊತ್ತು ಹತ್ತಿತ್ತು ನೋಡಿ, ಆ ಪಾಲು ಮಾತ್ರ ಬರೆದುಕೊಳ್ಳಿ.

ಬೇಕರಿ ಅಂಗಡಿ, ತುಮಕೂರು:
ನೋಡಿದೆ ಸರ್. 9 ಗಂಟೆಯಲ್ಲಿ 3.9 ಯೂನಿಟ್.

ಎನರ್ಜಿ ಆಡಿಟರ್, ಮೈಸೂರು:
ಹಾಗಾದರೆ ಸರಾಸರಿ 433 ವ್ಯಾಟ್. ಸಿಸಿಟಿವಿಯ 30 ತೆಗೆದರೆ ಕೌಂಟರ್, ಫ್ರಿಜ್ ಎರಡಕ್ಕೂ ಸೇರಿ ಸುಮಾರು 400. ನೀವು ಬರೆದಿದ್ದು 970.

ಈಗ ಉಳಿದದ್ದನ್ನ ಸರಿ ಮಾಡಿ. ಹಳೇ ಕಾಯಿಲ್ ಚೋಕ್ ಇರೋ 40ರ ಟ್ಯೂಬು ಚೋಕ್ ಸೇರಿ 50ರ ಹತ್ತಿರ ಎಳೆಯುತ್ತೆ, ಅಲ್ಲಿಗೆ ಟ್ಯೂಬ್‌ಲೈಟ್ ದಿನಕ್ಕೆ 3 ಯೂನಿಟ್. ಅದಕ್ಕೆ ಫ್ಯಾನ್, ಬೋರ್ಡ್, ಮೈಕ್ರೋವೇವ್, ಸಿಸಿಟಿವಿ ಎಲ್ಲಾ ಕೂಡಿಸಿದರೆ 7.8. ಬಿಲ್ ಪ್ರಕಾರ ದಿನಕ್ಕೆ 19. ಉಳಿದ 11.2 ತಣ್ಣಗಿಡೋ ಎರಡು ಪೆಟ್ಟಿಗೆಗಳದ್ದು. ಅದರಲ್ಲಿ ರಾತ್ರಿ 3.6 ಹೋಯ್ತು, ಹಗಲು 7.6. ಅಂದರೆ ಹಗಲು ಸರಾಸರಿ 500 ವ್ಯಾಟಿನ ಮೇಲೆ. ಹಗಲು ಸೆಕೆ, ಬಾಗಿಲು ತೆಗೆದು ಹಾಕೋದು, ಹೊಸ ಮಾಲು ತುಂಬೋದು ಇರೋದರಿಂದ ರಾತ್ರಿಗಿಂತ ಜಾಸ್ತಿ ಬರಲೇಬೇಕು, ಬಂದಿದೆ. ಮೀಟರ್ ಮೇಲೆ ಅನುಮಾನ ಪಡೋಕೆ ಕಾರಣ ಕಾಣ್ತಿಲ್ಲ.

ಎರಡರಲ್ಲಿ ಯಾವುದು ಜಾಸ್ತಿ ಅಂತ ತಿಳಿಯೋಕೆ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸೋ ಮೀಟರ್ ಸಿಗುತ್ತೆ. 16 ಆಂಪ್ಸಿನದ್ದೇ ತಗೊಳ್ಳಿ. ಫ್ರಿಜ್ಜಿಗೆ ಪೂರ್ತಿ 24 ಗಂಟೆ ಹಾಕಿಡಿ, ಒಂದು ಗಂಟೆ ನೋಡಿ ಬಿಟ್ಟರೆ ಮೋಸ ಹೋಗ್ತೀರಿ.

ಬೇಕರಿ ಅಂಗಡಿ, ತುಮಕೂರು:
ಗೆಳೆಯರ ಹತ್ತಿರ ಇತ್ತು, ಹಾಕಿದೆ. ಫ್ರಿಜ್ 3.4 ಬಂತು. ಅಲ್ಲಿಗೆ ಕೌಂಟರೇ 7.8! ಅದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ, ಸಂಜೆ ಬಿಸಿಲು ನೇರ ಗಾಜಿನ ಮೇಲೆ. ಕೆಳಗಿನ ಜಾಲರಿ ಬಿಚ್ಚಿ ನೋಡಿದರೆ ಧೂಳು, ಬ್ರೆಡ್ ಪುಡಿ, ಕಂಬಳಿ ಹೊದ್ದ ಹಾಗೆ ಕೂತಿದೆ.

ಮೊಬೈಲ್ ಅಂಗಡಿ, ಹಾಸನ:
ರಾತ್ರಿ ಕೌಂಟರ್ ಆಫ್ ಮಾಡಿಬಿಡಿ, ಅಲ್ಲಿಗೆ ಮುಗೀತು.

ಎನರ್ಜಿ ಆಡಿಟರ್, ಮೈಸೂರು:
ಒಳಗೆ ಕ್ರೀಮ್ ಕೇಕ್ ಇಟ್ಟು ಆಫ್ ಮಾಡೋ ಹಾಗಿಲ್ಲ, ಬೆಳಿಗ್ಗೆಗೆ ಹುಳಿ ಬಂದಿರುತ್ತೆ. ಅದನ್ನೆಲ್ಲ ಫ್ರಿಜ್ಜಿಗೆ ಸಾಗಿಸಿ, ಅಲ್ಲಿನ ತಣುವು 5 ಡಿಗ್ರಿಗಿಂತ ಮೇಲೆ ಹೋಗ್ತಿಲ್ಲ ಅಂತ ಥರ್ಮಾಮೀಟರ್ ಇಟ್ಟು ನೋಡಿಕೊಂಡರೆ ಮಾತ್ರ ಯೋಚಿಸಬಹುದು. ಆಗಲೂ ಬೆಳಿಗ್ಗೆ ಕೌಂಟರ್ ಮತ್ತೆ ತಣ್ಣಗಾಗೋಕೆ ಉಳಿದದ್ದರಲ್ಲಿ ಒಂದಷ್ಟು ವಾಪಸ್ ತಿನ್ನುತ್ತೆ. ಎಷ್ಟು ಅಂತ ಇಲ್ಲಿ ಕೂತು ಹೇಳೋಕಾಗಲ್ಲ. ಒಂದು ವಾರ ಹಾಗೆ, ಒಂದು ವಾರ ಹೀಗೆ ಮಾಡಿ ರೀಡಿಂಗ್ ಹೋಲಿಸಿ.

ಮೊದಲು ಖರ್ಚಿಲ್ಲದ ಕೆಲಸ. ಪ್ಲಗ್ ಕಿತ್ತು, ಮೆತ್ತನೆ ಬ್ರಷ್ಷಿನಲ್ಲಿ ಜಾಲರಿಯ ಹಿಂದಿನ ಕಾಯಿಲ್ ಕ್ಲೀನ್ ಮಾಡಿ. ರೆಕ್ಕೆ ಬಗ್ಗಿಸಬೇಡಿ. ಗಾಳಿ ಬಿಡೋ ಕಡೆ ಮೈದಾ ಚೀಲ, ಬಾಕ್ಸು ಒರಗಿಸಬೇಡಿ. ಸಂಜೆ ಬಿಸಿಲಿಗೆ ಹೊರಗಡೆ ಒಂದು ಬ್ಲೈಂಡ್ ಇಳಿಬಿಡಿ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರ್ ಬದಲಿಸಬೇಕು. ಆಮೇಲೆ ಮತ್ತೆ ಅದೇ 9 ಗಂಟೆಯ ರೀಡಿಂಗ್ ತೆಗೀರಿ. ಬಿಸಿಲಿನ ಲಾಭ ರಾತ್ರಿ ರೀಡಿಂಗಿನಲ್ಲಿ ಕಾಣಲ್ಲ, ಅದಕ್ಕೆ ಹಗಲಿನದ್ದೇ ನೋಡಬೇಕು.

ದುಡ್ಡು ಹಾಕೋದಾದರೆ ಟ್ಯೂಬ್‌ಲೈಟ್ ಮೊದಲು. 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿ ಹಳೇ ಚೋಕ್ ತೆಗೆಸಿದರೆ ತಿಂಗಳಿಗೆ 54 ಯೂನಿಟ್ ಇಳಿಯುತ್ತೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಮೂರಕ್ಕೆ ಹೆಚ್ಚುಕಮ್ಮಿ ಅಷ್ಟೇ, ಸುಮಾರು 57. ಆದರೆ ಅದರ ಬೆಲೆ ಪಟ್ಟಿಗಿಂತ ಎಷ್ಟೋ ಪಾಲು ಜಾಸ್ತಿ, ಹಣ ವಾಪಸ್ ಬರೋದು ನಿಧಾನ. ಅದೂ ನೀವು ಫ್ಯಾನನ್ನ ಪೂರ್ತಿ 5ರಲ್ಲಿ ಓಡಿಸಿದರೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಲ್ಲಿ 3ರಲ್ಲಿ ಇಟ್ಟಿದ್ದರೆ ಈಗಲೇ 75ಕ್ಕಿಂತ ಎಷ್ಟೋ ಕಮ್ಮಿ ಎಳೀತಿರುತ್ತೆ, ಉಳಿತಾಯವೂ ಕಮ್ಮಿ.

ಮೈಕ್ರೋವೇವ್ ಪಾಡಿಗೆ ಅದು ಇರಲಿ. ತಿಂಗಳಿಗೆ 18 ಯೂನಿಟ್, ಪಫ್ ಮಾರಾಟ ಕೆಡಿಸಿಕೊಳ್ಳಬೇಡಿ. ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಬರೋದು ಮಂಜೂರಾದ ಲೋಡಿನ ಮೇಲೆ, ಯೂನಿಟ್ ಎಷ್ಟು ಇಳಿಸಿದರೂ ಅದು ಇಳಿಯಲ್ಲ. ಉಳಿತಾಯದ ಲೆಕ್ಕ ಹಾಕುವಾಗ ಒಟ್ಟು ಬಿಲ್ಲನ್ನ 570ರಿಂದ ಭಾಗಿಸಬೇಡಿ, ಯೂನಿಟ್ ದರವನ್ನೇ ತಗೊಳ್ಳಿ.

ಬೇಕರಿ ಅಂಗಡಿ, ತುಮಕೂರು:
ಕಾಯಿಲ್ ಕ್ಲೀನ್ ಮಾಡಿದ ರಾತ್ರಿ 3.5 ಬಂತು ಸರ್. ಆದರೆ ಅವತ್ತು ಮಳೆ ಬಂದು ತಂಪಾಗಿತ್ತು, ಅದರದ್ದೋ ಕ್ಲೀನ್ ಮಾಡಿದ್ದೋ ಗೊತ್ತಾಗ್ತಿಲ್ಲ. ಕೂಲ್ ಡ್ರಿಂಕ್ಸ್ ಫ್ರಿಜ್ ಕಂಪನಿಯವರು ಪುಕ್ಕಟೆ ಕೊಟ್ಟಿದ್ದು, ಒಳಗಿನ ಲೈಟ್ ರಾತ್ರಿಯೆಲ್ಲಾ ಉರಿಯುತ್ತೆ. ಆಫ್ ಮಾಡಬಹುದಾ?

ಎನರ್ಜಿ ಆಡಿಟರ್, ಮೈಸೂರು:
ಫ್ರಿಜ್ ಅವರದ್ದು, ಕರೆಂಟ್ ನಿಮ್ಮದು! ಲೈಟಿಗೆ ಬೇರೆ ಸ್ವಿಚ್ ಇದ್ದರೆ ಶಟರ್ ಎಳೆಯುವಾಗ ಧಾರಾಳವಾಗಿ ಆಫ್ ಮಾಡಿ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಇನ್ನೂ ಮೂರು ನಾಲ್ಕು ರಾತ್ರಿ ರೀಡಿಂಗ್ ಹಾಕಿ, ಆಗ ಮಾತಾಡೋಣ.